ನೀರು, ಬೆಂಕಿ ಎಂದು ನೋಡಿದರೆ ಸಾಲದು: ಇಬ್ಬರ ಜಾತಕವನ್ನು ಹೋಲಿಸುವ ಕ್ರಮ

ಕಳೆದ ಆಷಾಢದ ಒಂದು ಭಾನುವಾರ ನನ್ನ ತಂಗಿಯ ಮಗಳು ಬಸವನಗುಡಿಯ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಮೊಬೈಲ್ ಮುಂದೆ ಹಿಡಿದಳು. ಪರದೆಯ ಮೇಲೆ ಅವಳ ರಾಶಿ ಕರ್ಕಾಟಕ, ಹುಡುಗನದು ಮೇಷ. ಒಂದರ ಪಕ್ಕದಲ್ಲಿ ನೀರಿನ ಹನಿ, ಇನ್ನೊಂದರ ಪಕ್ಕದಲ್ಲಿ ಬೆಂಕಿಯ ಜ್ವಾಲೆ. ಕೆಳಗೆ ಶೇಕಡಾ 34 ಎಂಬ ಕೆಂಪು ಅಂಕಿ.

"ದೊಡ್ಡಮ್ಮ, ನೀರು ಬೆಂಕಿಯನ್ನು ಆರಿಸುತ್ತದಂತೆ. ಇದು ನಿಜವೇ?"

"ನೀರು ಬೆಂಕಿಯ ಮೇಲಿದ್ದರೆ ಅನ್ನವೂ ಆಗುತ್ತದೆ. ಮೊದಲು ಒಳಗೆ ಬಾ," ಎಂದೆ.

ಅತ್ತ ಅವಳ ಅಮ್ಮ ಪುರೋಹಿತರ ಬಳಿ ಸಾಲಾವಳಿ ನೋಡಿಸಿಯಾಗಿತ್ತು. ಅವಳ ನಕ್ಷತ್ರ ಕೃತ್ತಿಕೆ, ಹುಡುಗನದು ಉತ್ತರ. ಮೂವತ್ತಾರಕ್ಕೆ ಹದಿನೆಂಟು ದಾಟಿದೆ, ಪರವಾಗಿಲ್ಲ ಎಂದಿದ್ದರಂತೆ. ಅಜ್ಜಿಗೆ ಮಾತ್ರ ಹುಡುಗಿಯದು ರಾಕ್ಷಸ ಗಣ, ಹುಡುಗನದು ಮನುಷ್ಯ ಗಣ ಎಂಬ ಕೊರಗು. ಅಂದರೆ ಒಂದೇ ಜೋಡಿಯ ಬಗ್ಗೆ ಒಂದೇ ವಾರದಲ್ಲಿ ಮೊಬೈಲು ಬೇಡ ಎಂದಿತ್ತು, ಪುರೋಹಿತರು ಆಗಬಹುದು ಎಂದಿದ್ದರು. ಎರಡು ತೀರ್ಪು ಬಂದದ್ದು ಆಕಾಶ ಬೇರೆಯಾದುದರಿಂದಲ್ಲ, ಒಬ್ಬರು ಸೂರ್ಯನನ್ನು ನೋಡಿದ್ದರು, ಇನ್ನೊಬ್ಬರು ಚಂದ್ರನನ್ನು. ಜಾತಕವನ್ನು ಪೂರ್ತಿಯಾಗಿ ಯಾರೂ ತೆರೆದಿರಲಿಲ್ಲ.

ಆ ಮಧ್ಯಾಹ್ನ ನಾವಿಬ್ಬರೂ ಊಟದ ಮೇಜಿನ ಮೇಲೆ ಹಾಳೆ ಹರವಿಕೊಂಡು ಮಾಡಿದ ಕೆಲಸವನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಅರ್ಥಗಳೆಲ್ಲ ಜ್ಯೋತಿಷ್ಯ ಹೇಳುವ ಅರ್ಥಗಳು. ಅವು ಎಷ್ಟು ನಿಲ್ಲುತ್ತವೆ ಎಂಬ ಮಾತಿಗೆ ಕೊನೆಗೆ ಬರುತ್ತೇನೆ. ಆದರೆ ಅದನ್ನು ನಂಬಿ ನೋಡುವುದಾದರೂ, ನೋಡುವ ಕ್ರಮ ಅದರದೇ ನಿಯಮಕ್ಕೆ ಸರಿಯಾಗಿರಬೇಕಲ್ಲ.

ಈ ಸೂರ್ಯರಾಶಿ ಎಲ್ಲಿಂದ ಬಂತು

1930ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಅಲ್ಲಿನ 'ಸಂಡೇ ಎಕ್ಸ್‌ಪ್ರೆಸ್' ಪತ್ರಿಕೆ ಆರ್. ಎಚ್. ನೇಯ್ಲರ್ ಎಂಬ ಜ್ಯೋತಿಷಿಯಿಂದ ಮಗುವಿನ ಜಾತಕದ ಬಗ್ಗೆ ಬರೆಸಿತು. ಓದುಗರಿಗೆ ಅದು ಹಿಡಿಸಿತು, ಅಂಕಣ ಮುಂದುವರಿಯಿತು. ಪತ್ರಿಕೆಗೆ ಒಂದು ತೊಡಕಿತ್ತು: ಲಕ್ಷಾಂತರ ಓದುಗರ ಹುಟ್ಟಿದ ಹೊತ್ತು, ಊರು ಅದಕ್ಕೆ ಗೊತ್ತಿಲ್ಲ. ಓದುಗನಿಗೆ ತಪ್ಪದೆ ನೆನಪಿರುವುದು ಹುಟ್ಟುಹಬ್ಬದ ದಿನ. ದಿನದಿಂದ ಖಚಿತವಾಗಿ ಹೇಳಬಹುದಾದದ್ದು ಸೂರ್ಯನ ರಾಶಿ, ಏಕೆಂದರೆ ಸೂರ್ಯ ಪ್ರತಿವರ್ಷ ಅದೇ ದಿನ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತಾನೆ. ಹೀಗೆ ಜನರನ್ನು ಹನ್ನೆರಡು ಪಾಲು ಮಾಡಿ ಪ್ರತಿ ಪಾಲಿಗೆ ನಾಲ್ಕು ಸಾಲು ಬರೆಯುವ ಪದ್ಧತಿ ಆ ದಶಕದಲ್ಲಿ ಬೇರೂರಿತು. ಸೂರ್ಯರಾಶಿ ಮುಂದೆ ಬಂದದ್ದು ಅದೇ ಎಲ್ಲಕ್ಕಿಂತ ಮುಖ್ಯ ಎಂಬ ಕಾರಣಕ್ಕಲ್ಲ, ಅಚ್ಚು ಹಾಕಲು ಸುಲಭ ಎಂಬ ಕಾರಣಕ್ಕೆ.

ಈಗ ಜೋಡಿಯ ಲೆಕ್ಕ ನೋಡಿ. ಹನ್ನೆರಡು ರಾಶಿಗಳಿಂದ ಆಗುವ ಬಗೆಬಗೆಯ ಜೋಡಿಗಳು 78. ಅವನ್ನು ಅಗ್ನಿ, ಭೂಮಿ, ವಾಯು, ಜಲ ಎಂಬ ನಾಲ್ಕು ತತ್ತ್ವಗಳಿಗೆ ಇಳಿಸಿದರೆ ಉಳಿಯುವುದು ಹತ್ತೇ ಬಗೆ. ಬೆಂಗಳೂರಿನ ಅಷ್ಟೂ ಗಂಡ ಹೆಂಡಿರನ್ನು ಹತ್ತು ಡಬ್ಬಿಗೆ ತುಂಬಿ, ಡಬ್ಬಿಯ ಮೇಲಿನ ಚೀಟಿ ಓದಿ ಒಳಗಿನ ಉಪ್ಪಿನಕಾಯಿ ಹೇಗಿದೆ ಎಂದು ಹೇಳಿದ ಹಾಗಾಯಿತು.

ಮೊದಲು ಮೂರು ವಿವರ: ದಿನ, ಹೊತ್ತು, ಊರು

ದಿನ ಮತ್ತು ಊರು ಸಿಗುವುದು ಕಷ್ಟವಲ್ಲ. ಹೊತ್ತೇ ತಲೆನೋವು. ಜನನ ಪ್ರಮಾಣಪತ್ರದಲ್ಲಿ ದಿನಾಂಕ ಇರುತ್ತದೆ, ಹೊತ್ತು ಇರುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಕಾಗದ, ಹಳೆಯ ಜಾತಕದ ಪುಸ್ತಕ, ಅಜ್ಜ ಕ್ಯಾಲೆಂಡರಿನ ಹಿಂದೆ ಗೀಚಿದ ಟಿಪ್ಪಣಿ, ಇವುಗಳಲ್ಲಿ ಹುಡುಕಬೇಕು. "ಒಂಬತ್ತು ಗಂಟೆ" ಎಂದು ಯಾರಾದರೂ ಹೇಳಿದರೆ ಬೆಳಗ್ಗೆಯೋ ರಾತ್ರಿಯೋ ಎಂದು ಕೇಳುವುದನ್ನು ಮರೆಯಬೇಡಿ. ಈ ಒಂದು ಪ್ರಶ್ನೆ ಕೇಳದೆ ಇಡೀ ಜಾತಕ ತಲೆಕೆಳಗಾದದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ.

ನಮ್ಮ ಹುಡುಗಿ ಹುಟ್ಟಿದ್ದು ಜುಲೈ 11ರಂದು, ಬೆಂಗಳೂರಿನಲ್ಲಿ, ಬೆಳಗ್ಗೆ 11.30ಕ್ಕೆ. ಆ ಹೊತ್ತು ನನಗೇ ನೆನಪಿದೆ, ಬಾಗಿಲ ಹೊರಗೆ ಕಾಯುತ್ತಿದ್ದವಳು ನಾನು. ಹುಡುಗ ಹುಟ್ಟಿದ್ದು ಏಪ್ರಿಲ್ 5ರಂದು, ತುಮಕೂರಿನಲ್ಲಿ. ಹೊತ್ತು ಕೇಳಿದ್ದಕ್ಕೆ ಅವನ ತಾಯಿ ಹೇಳಿದ್ದು, "ದೀಪ ಹಚ್ಚುವ ಹೊತ್ತು." ವರ್ಷಗಳನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರ ಸ್ವಂತ ಸಂಗತಿ.

ದೀಪ ಹಚ್ಚುವ ಹೊತ್ತು ಎಂದರೆ ಎಷ್ಟು? ಇಂಥ ಕಡೆ ಊಹಿಸಿ 6.30 ಎಂದು ಬರೆದುಬಿಡುವುದು ಸುಲಭ. ಹಾಗೆ ಮಾಡಬಾರದು. ಆಚೆ ಈಚೆಯ ಎರಡು ಗಡಿ ಹಾಕಿಕೊಂಡು ಎರಡಕ್ಕೂ ಜಾತಕ ತೆಗೆಯಬೇಕು. ನಾವು ಸಂಜೆ 6 ಮತ್ತು 7.15 ಎಂದು ಇಟ್ಟುಕೊಂಡೆವು. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಹಾಗಾಗಿ ನಡುವೆ ಬದಲಾಗಿಬಿಟ್ಟರೆ ಲಗ್ನದ ಮಾತನ್ನೇ ಕೈಬಿಡಬೇಕಾಗುತ್ತಿತ್ತು. ಅದೃಷ್ಟಕ್ಕೆ ಎರಡೂ ಗಡಿಗಳಲ್ಲಿ ತುಲಾ ಲಗ್ನವೇ ಬಂತು. ಚಂದ್ರನೂ ಅಷ್ಟರಲ್ಲಿ ಒಂದು ಡಿಗ್ರಿಯನ್ನೂ ಪೂರ್ತಿ ದಾಟಿರಲಿಲ್ಲ. ಆದರೆ ಎಚ್ಚರ: ಅವನ ಚಂದ್ರ ಕನ್ಯಾ ರಾಶಿಯ 28ನೇ ಡಿಗ್ರಿಯಲ್ಲಿತ್ತು. ಇನ್ನು ಮೂರು ನಾಲ್ಕು ಗಂಟೆ ತಡವಾಗಿ ಹುಟ್ಟಿದ್ದರೆ ಚಂದ್ರ ತುಲೆಗೆ ಹೋಗಿ, ಮುಂದೆ ಹೇಳಲಿರುವ ಒಂದು ಮುಖ್ಯ ಮಾತು ಬೇರೆಯೇ ಆಗುತ್ತಿತ್ತು. ಹೊತ್ತು ಏನೂ ಗೊತ್ತಿಲ್ಲದಿದ್ದರೆ ಲಗ್ನ, ಸ್ಥಾನಗಳನ್ನು ಬಿಟ್ಟು, ಚಂದ್ರನನ್ನು ಆ ದಿನದ ಮೊದಲಿಗೂ ಕೊನೆಗೂ ಲೆಕ್ಕ ಹಾಕಿ, ಎರಡಕ್ಕೂ ನಿಲ್ಲುವ ಮಾತನ್ನು ಮಾತ್ರ ಹೇಳಿ.

ಸಾಯನವೋ ನಿರಯನವೋ, ಒಂದನ್ನು ಹಿಡಿಯಿರಿ

ಇಲ್ಲಿಯೇ ಹೆಚ್ಚಿನವರು ಜಾರುವುದು. ಮೊಬೈಲಿನ ಅಂಕಣಗಳು ಬಳಸುವುದು ಸಾಯನ ರಾಶಿಚಕ್ರ, ಅದರಲ್ಲಿ ಮಾರ್ಚ್ 20-21ರ ವಿಷುವದ ಬಿಂದುವಿನಿಂದ ಮೇಷ ಆರಂಭ. ನಮ್ಮ ಪಂಚಾಂಗಗಳು ಬಳಸುವುದು ನಿರಯನ, ಅದರಲ್ಲಿ ಸೂರ್ಯ ಮೇಷಕ್ಕೆ ಬರುವುದು ಏಪ್ರಿಲ್ 14ರ ಸುಮಾರಿಗೆ. ಎರಡರ ನಡುವಿನ ಅಂತರವೇ ಅಯನಾಂಶ, ಈಗ ಸುಮಾರು 24 ಡಿಗ್ರಿ. ಬೆಂಗಳೂರಿನಲ್ಲಿ "ನಿಮ್ಮ ರಾಶಿ ಯಾವುದು" ಎಂದು ಹಿರಿಯರನ್ನು ಕೇಳಿದರೆ ನಿರಯನ ಚಂದ್ರರಾಶಿ ಹೇಳುತ್ತಾರೆ, ಕಾಲೇಜು ಹುಡುಗಿಯನ್ನು ಕೇಳಿದರೆ ಸಾಯನ ಸೂರ್ಯರಾಶಿ ಹೇಳುತ್ತಾಳೆ. ಅವಳದನ್ನು ಒಂದರಿಂದ, ಅವನದನ್ನು ಇನ್ನೊಂದರಿಂದ ತೆಗೆದು ಹೋಲಿಸುವುದು ಒಬ್ಬರ ಎತ್ತರವನ್ನು ಅಡಿಯಲ್ಲೂ ಇನ್ನೊಬ್ಬರದನ್ನು ಮೊಳದಲ್ಲೂ ಅಳೆದ ಹಾಗೆ.

ನಮ್ಮ ಜೋಡಿಯಲ್ಲೇ ಇದನ್ನು ನೋಡಿ. ಸಾಯನದಲ್ಲಿ ಅವಳ ಸೂರ್ಯ ಕರ್ಕಾಟಕ 19, ಅವನ ಸೂರ್ಯ ಮೇಷ 15. ನೀರು ಮತ್ತು ಬೆಂಕಿ. ಇಬ್ಬರಿಂದಲೂ ಅಯನಾಂಶ ಕಳೆದರೆ ಅವಳ ಸೂರ್ಯ ಮಿಥುನಕ್ಕೆ, ಅವನ ಸೂರ್ಯ ಮೀನಕ್ಕೆ ಹೋಗುತ್ತಾನೆ. ಈಗ ಅವಳು ಗಾಳಿ, ಅವನೇ ನೀರು! ಆಕಾಶದಲ್ಲಿ ಏನೂ ಅಲುಗಿಲ್ಲ, ಎಣಿಕೆ ಶುರುಮಾಡುವ ಗೆರೆ ಮಾತ್ರ ಸರಿದಿದೆ. ತತ್ತ್ವದ ಚೀಟಿ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ: ಇಬ್ಬರ ಸೂರ್ಯರ ನಡುವಿನ ಅಂತರ. ಮೊದಲೂ ಅದು 94 ಡಿಗ್ರಿ, ಈಗಲೂ 94 ಡಿಗ್ರಿ.

ಆದ್ದರಿಂದ ಎರಡು ಜಾತಕಗಳನ್ನು ಹೋಲಿಸುವವರು ರಾಶಿಯ ಹೆಸರಿಗಿಂತ ಡಿಗ್ರಿಯ ಅಂತರವನ್ನು ನೆಚ್ಚುತ್ತಾರೆ. ಮೇಷ–ಕರ್ಕಾಟಕ ಎಂಬ ಹೆಸರು ಎಷ್ಟು ಸಡಿಲ ಎಂಬುದಕ್ಕೆ ಇನ್ನೊಂದು ಉದಾಹರಣೆ: ಮಾರ್ಚ್ 23ರಂದು ಹುಟ್ಟಿದವನೂ ಮೇಷ, ಜುಲೈ 20ರಂದು ಹುಟ್ಟಿದವಳೂ ಕರ್ಕಾಟಕ. ಮೊಬೈಲು ಇವರಿಗೂ ನೀರು–ಬೆಂಕಿ ಎಂದು ಅದೇ 34 ಕೊಡುತ್ತದೆ. ಆದರೆ ಇವರ ಸೂರ್ಯರ ಅಂತರ ಸುಮಾರು 115 ಡಿಗ್ರಿ, ಅಂದರೆ ತಿಕ್ಕಾಟದ್ದೆನ್ನುವ 90ಕ್ಕಿಂತ ಒಗ್ಗಿ ಬರುವುದೆನ್ನುವ 120ಕ್ಕೇ ಹತ್ತಿರ.

ಇಲ್ಲಿಂದ ಮುಂದೆ ನಾನು ಸಾಯನವನ್ನೇ ಹಿಡಿಯುತ್ತೇನೆ. ಅದು ಮೇಲೆಂದಲ್ಲ, ಮೊಬೈಲಿನ ತೀರ್ಪನ್ನು ಅದರದೇ ಅಂಗಳದಲ್ಲಿ ಪರೀಕ್ಷಿಸಬೇಕೆಂದು.

ಒಬ್ಬೊಬ್ಬರನ್ನು ಬೇರೆಬೇರೆಯಾಗಿ ಓದಿ

ಹೋಲಿಸುವ ಆತುರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದು. ಎರಡು ಜಾತಕಗಳನ್ನು ಅಕ್ಕಪಕ್ಕ ಇಡುವ ಮೊದಲು ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣುವ ಏಳು ಗ್ರಹಗಳು ಎಲ್ಲಿವೆ ಎಂದು ಬರೆದುಕೊಳ್ಳಿ. ನಮ್ಮ ಹಾಳೆ ಹೀಗಿತ್ತು.

ಅವಳು: ಸೂರ್ಯ ಕರ್ಕಾಟಕ 19, ಚಂದ್ರ ವೃಷಭ 26, ಬುಧ ಕರ್ಕಾಟಕ, ಶುಕ್ರ ಮಿಥುನ 13, ಕುಜ ಮಿಥುನ 20, ಗುರು ಮಕರ, ಶನಿ ಮೇಷ 7. ಲಗ್ನ ತುಲಾ 7.

ಅವನು: ಸೂರ್ಯ ಮೇಷ 15, ಚಂದ್ರ ಕನ್ಯಾ 28, ಬುಧ ಮೀನ, ಶುಕ್ರ ಮೇಷ 9, ಕುಜ ಕರ್ಕಾಟಕ 19, ಗುರು ತುಲಾ, ಶನಿ ಕುಂಭ. ಲಗ್ನ ತುಲಾ.

ಈಗ ತತ್ತ್ವ ಎಣಿಸಿ. "ಬೆಂಕಿಯ ಹುಡುಗ" ಎನಿಸಿಕೊಂಡವನಲ್ಲಿ ಏಳರಲ್ಲಿ ಅಗ್ನಿಯಲ್ಲಿರುವುದು ಎರಡು ಮಾತ್ರ, ಸೂರ್ಯ ಮತ್ತು ಶುಕ್ರ. ಜಲದಲ್ಲಿ ಎರಡು, ವಾಯುವಿನಲ್ಲಿ ಎರಡು, ಭೂಮಿಯಲ್ಲಿ ಒಂದು. "ನೀರಿನ ಹುಡುಗಿ"ಯಲ್ಲೂ ಜಲದಲ್ಲಿರುವುದು ಎರಡೇ. ಭೂಮಿಯಲ್ಲಿ ಎರಡು, ವಾಯುವಿನಲ್ಲಿ ಎರಡು, ಅಗ್ನಿಯಲ್ಲಿ ಒಂದು. ತತ್ತ್ವವನ್ನೇ ನಂಬುವುದಾದರೂ, ಇಬ್ಬರೂ ನಾಲ್ಕನ್ನೂ ಕಲಸಿಕೊಂಡವರು. ಏಳರಲ್ಲಿ ಒಂದನ್ನು ಎತ್ತಿ ಇಡೀ ಮನುಷ್ಯನಿಗೆ ಹೆಸರಿಡುವುದು ಶಾಸ್ತ್ರದ ಲೆಕ್ಕದಲ್ಲೂ ನ್ಯಾಯವಲ್ಲ.

ಬರೆದುಕೊಂಡ ಮೇಲೆ ಒಂದು ಸಣ್ಣ ತಪಾಸಣೆ: ಶುಕ್ರ ಸೂರ್ಯನಿಂದ 47-48 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಬುಧ 28ಕ್ಕಿಂತ ದೂರ ಹೋಗುವುದಿಲ್ಲ. ನಿಮ್ಮ ಹಾಳೆಯಲ್ಲಿ ಶುಕ್ರ ಸೂರ್ಯನಿಗೆ ಎದುರು ಕೂತಿದ್ದರೆ ಎಲ್ಲೋ ತಪ್ಪಾಗಿದೆ, ದಿನಾಂಕದಲ್ಲಿ ತಿಂಗಳು ದಿನ ಅದಲುಬದಲಾಗಿರಬಹುದು.

ಅಂತರ ಅಳೆಯುವುದು

ರಾಶಿಚಕ್ರವನ್ನು 360ರ ಒಂದೇ ಗೆರೆಯಾಗಿ ಬಿಚ್ಚಿಕೊಳ್ಳಿ. ಮೇಷ 0ಯಿಂದ, ವೃಷಭ 30ರಿಂದ, ಮಿಥುನ 60ರಿಂದ, ಕರ್ಕಾಟಕ 90ರಿಂದ, ಹೀಗೆ ಮುಂದಕ್ಕೆ. ಕರ್ಕಾಟಕ 19 ಎಂದರೆ 109, ಮೇಷ 15 ಎಂದರೆ 15, ಕಳೆದರೆ 94. ಇಷ್ಟೇ ಗಣಿತ. ಉತ್ತರ 180 ದಾಟಿದರೆ ಅದನ್ನು 360ರಿಂದ ಕಳೆಯಿರಿ. ನೋಡಬೇಕಾದ ಅಂತರಗಳು 0, 60, 90, 120, 180. ಸೂರ್ಯ ಚಂದ್ರರಿಗೆ ಐದು ಡಿಗ್ರಿ, ಉಳಿದವಕ್ಕೆ ಮೂರು ಡಿಗ್ರಿ ಆಚೀಚೆ ಇದ್ದರೆ ಒಪ್ಪಿ, ಅದಕ್ಕಿಂತ ಹೆಚ್ಚಾದರೆ ಬಿಡಿ. ಈ ಬಿಗಿ ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅವರ ಸೂರ್ಯರ ನಡುವಿನ 94 ಡಿಗ್ರಿ ಈ ಮಿತಿಯೊಳಗೇ ಇದೆ. ಆದ್ದರಿಂದ ಮೊಬೈಲು ಹೇಳಿದ್ದು ಪೂರ್ತಿ ಸುಳ್ಳಲ್ಲ, ತಿಕ್ಕಾಟದ ಒಂದು ಸಾಲು ಅಲ್ಲಿ ನಿಜವಾಗಿಯೂ ಇದೆ. ಅದನ್ನು ಹಾಳೆಯಲ್ಲಿ ಬರೆದೆವು. ಅದು ಒಂದು ಸಾಲು ಅಷ್ಟೇ.

ಎರಡನೆಯದು ಚಂದ್ರ–ಚಂದ್ರ. ಒಟ್ಟಿಗೆ ಬಾಳುವವರಿಗೆ ಇದೇ ಮೊದಲು ನೋಡಬೇಕಾದದ್ದು ಎಂಬುದು ನನ್ನ ಅಭಿಪ್ರಾಯ, ನಮ್ಮ ಸಾಲಾವಳಿ ಪೂರ್ತಿ ಚಂದ್ರನ ಮೇಲೆಯೇ ನಿಂತಿರುವುದೂ ಸುಮ್ಮನಲ್ಲ. ಸೂರ್ಯ ಮನುಷ್ಯ ತನ್ನನ್ನು ಏನೆಂದುಕೊಂಡಿದ್ದಾನೆ ಎಂಬುದಕ್ಕೆ, ಚಂದ್ರ ದಣಿದು ಮನೆಗೆ ಬಂದಾಗ ಅವನಿಗೆ ಏನು ಬೇಕು ಎಂಬುದಕ್ಕೆ. ಅವಳ ಚಂದ್ರ 56, ಅವನದು 178. ಅಂತರ 122. ಇಬ್ಬರದೂ ಭೂಮಿಯ ರಾಶಿ, ತ್ರಿಕೋನ ಎನ್ನುವ 120ಕ್ಕೆ ಎರಡೇ ಡಿಗ್ರಿ ವ್ಯತ್ಯಾಸ. ಮೊಬೈಲು ಕೊಟ್ಟ ನೀರು–ಬೆಂಕಿಯ ಚಿತ್ರದಲ್ಲಿ ಇದರ ಸುಳಿವೇ ಇಲ್ಲ.

"ವಾರಾಂತ್ಯದಲ್ಲಿ ಇಬ್ಬರೂ ಏನು ಮಾಡುತ್ತೀರಿ?" ಎಂದು ಕೇಳಿದೆ.

"ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದು ಅಡುಗೆ ಮಾಡುತ್ತೇವೆ. ಅವನು ಬೀನ್ಸ್ ಅನ್ನು ಒಂದೇ ಉದ್ದಕ್ಕೆ ಹೆಚ್ಚುತ್ತಾನೆ ದೊಡ್ಡಮ್ಮ, ಒಂದು ತುಂಡು ದೊಡ್ಡದಾದರೂ ಅವನಿಗೆ ಆಗುವುದಿಲ್ಲ. ನಾನು ತಿನ್ನುವುದರಲ್ಲಿ ಗಟ್ಟಿ."

ವೃಷಭದ ಚಂದ್ರನೂ ಕನ್ಯೆಯ ಚಂದ್ರನೂ ಇದಕ್ಕಿಂತ ಪುಸ್ತಕದಂತೆ ಮಾತಾಡಲಾರವು. ಹೀಗೆ ಸರಿಹೊಂದುವ ಮಾತು ಸಿಕ್ಕಾಗ ಮನಸ್ಸು ಹಿಗ್ಗುತ್ತದೆ, ಆಗಲೇ ಪೆನ್ಸಿಲ್ ಕೆಳಗಿಟ್ಟು ಒಂದು ಲೋಟ ನೀರು ಕುಡಿಯಬೇಕು.

ಮೂರನೆಯದು ನನ್ನ ಹುಬ್ಬೇರಿಸಿದ ಸಾಲು. ಅವನ ಕುಜ ಕರ್ಕಾಟಕ 19, ಅವಳ ಸೂರ್ಯ ಕರ್ಕಾಟಕ 19. ಒಂದೇ ಡಿಗ್ರಿ. ಬೆಂಕಿಯವನೆಂದು ಹೆದರಿಸಿದ ಹುಡುಗನ ಕುಜ ಇರುವುದು ಅವಳದೇ ನೀರಿನಲ್ಲಿ, ಅವಳ ಸೂರ್ಯನ ನೆತ್ತಿಯ ಮೇಲೆ. ಇಂಥ ಯುತಿಗೆ ಶಾಸ್ತ್ರ ಹೇಳುವ ಅರ್ಥ ಎರಡು ಅಲಗಿನದು: ಕುಜನವರು ಸೂರ್ಯನವರನ್ನು ಕೆಣಕುತ್ತಾರೆ, ನೂಕುತ್ತಾರೆ, ಸೆಳೆಯುತ್ತಾರೆ. ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಹಾಳೆಯಲ್ಲಿ 'ಹೆಚ್ಚು' ಎಂದು ಬರೆದೆವು, 'ಶುಭ' ಎಂದಲ್ಲ. ಅವಳು ಹೇಳಿದ್ದೂ ಹಾಗೆಯೇ. ಹಳೆಯ ಕೆಲಸ ಬಿಡುವಂತೆ ಒತ್ತಾಯಿಸಿದವನು ಅವನೇ, ಹೊಸದರಲ್ಲಿ ಅವಳು ಚೆನ್ನಾಗಿದ್ದಾಳೆ. ಆದರೆ ಆ ಒತ್ತಾಯಕ್ಕೆ ಅವಳು ಎರಡು ವಾರ ಅವನೊಂದಿಗೆ ಮಾತು ಬಿಟ್ಟಿದ್ದಳು.

ನಾಲ್ಕನೆಯದು ಅವಳ ಶನಿ ಮೇಷ 7, ಅವನ ಶುಕ್ರ ಮೇಷ 9. ಎರಡೇ ಡಿಗ್ರಿ. ದೀರ್ಘ ಸಂಬಂಧಗಳಲ್ಲಿ ಶನಿಯ ಸ್ಪರ್ಶವಿಲ್ಲದೆ ಅಂಟು ಕೂರುವುದಿಲ್ಲ ಎನ್ನುತ್ತಾರೆ ಹಳಬರು. ಅದೇ ಶನಿ ಶುಕ್ರನ ಉತ್ಸಾಹಕ್ಕೆ ತಣ್ಣೀರು ಎರಚುತ್ತದೆ ಎಂದೂ ಹೇಳುತ್ತಾರೆ. ಇಲ್ಲಿ ಬೆಂಕಿಯನ್ನು ತಣ್ಣಗೆ ಮಾಡುವುದು ಅವಳ ಕರ್ಕಾಟಕವಲ್ಲ, ಅವಳ ಶನಿ. ಅದೂ ಬೆಂಕಿಯ ರಾಶಿಯಲ್ಲೇ ಕೂತು! ತತ್ತ್ವದ ಚೀಟಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಈ ಹಾಳೆಯಲ್ಲಿ ಸಿಗಲಿಲ್ಲ.

"ಅವನು ಏನಾದರೂ ಉಡುಗೊರೆ ತಂದರೆ ನೀನು ಮೊದಲು ಏನು ಕೇಳುತ್ತೀಯೆ?"

ಅವಳು ನಕ್ಕಳು. "ಎಷ್ಟಾಯಿತು ಅಂತ."

ಲಗ್ನ ಮತ್ತು ಏಳನೆಯ ಮನೆ

ಹೊತ್ತು ನಂಬುವಂತಿದ್ದರೆ ಮಾತ್ರ ಈ ಹೆಜ್ಜೆ. ಒಬ್ಬರ ಲಗ್ನದಿಂದ ಎಣಿಸಿ ಇನ್ನೊಬ್ಬರ ಗ್ರಹಗಳು ಯಾವ ಮನೆಗೆ ಬೀಳುತ್ತವೆ ಎಂದು ನೋಡುವುದು. ಅವಳದು ತುಲಾ ಲಗ್ನ. ತುಲೆಯಿಂದ ಏಳನೆಯದು ಮೇಷ, ಅದು ಕಳತ್ರ ಸ್ಥಾನ, ಬಾಳಸಂಗಾತಿಯ ಮನೆ. ಹುಡುಗನ ಸೂರ್ಯ ಎಲ್ಲಿದ್ದಾನೆ? ಮೇಷದಲ್ಲಿ. ಶುಕ್ರ? ಅವನೂ ಮೇಷದಲ್ಲಿ. ಮೊಬೈಲು ಯಾವ ಮೇಷವನ್ನು ತೋರಿಸಿ ಬೇಡ ಎಂದಿತೋ ಅದೇ ಮೇಷ ಅವಳ ಜಾತಕದಲ್ಲಿ ಗಂಡನ ಮನೆ. ಇನ್ನೊಬ್ಬ ಕರ್ಕಾಟಕದ ಹುಡುಗಿ, ಅದೇ ಜುಲೈ 11ರಂದು ಬೆಳಗಿನ ಜಾವ ಹುಟ್ಟಿದವಳು, ಬೇರೆ ಲಗ್ನದವಳಾಗಿ, ಅವಳಿಗೆ ಇದೇ ಹುಡುಗನ ಸೂರ್ಯ ಬೇರೆಲ್ಲೋ ಬೀಳುತ್ತಿದ್ದ. ಸೂರ್ಯರಾಶಿ ನೋಡುವವರ ಪಾಲಿಗೆ ಇಬ್ಬರು ಹುಡುಗಿಯರೂ ಒಂದೇ.

ಅವಳ ಶನಿಯೂ ಅದೇ ಏಳನೆಯ ಮನೆಯಲ್ಲಿದೆ ಎಂಬುದನ್ನು ಮುಚ್ಚಿಡಲಿಲ್ಲ. ಮದುವೆ ತಡ, ಜವಾಬ್ದಾರಿ ಹೆಚ್ಚು ಎಂಬ ಅದರ ಅರ್ಥ ಅವಳದೇ, ಯಾವ ಹುಡುಗ ಬಂದರೂ ಇರುವಂಥದು. ಒಬ್ಬೊಬ್ಬರನ್ನು ಬೇರೆಯಾಗಿ ಓದಿರಿ ಎಂದದ್ದು ಇದಕ್ಕೇ. ಇಲ್ಲದಿದ್ದರೆ ಅವಳ ಸ್ವಂತ ಗಂಟನ್ನು ಈ ಹುಡುಗನ ತಲೆಗೆ ಕಟ್ಟಿಬಿಡುತ್ತಿದ್ದೆವು.

ಎಲ್ಲಿ ಎಡವುತ್ತೇವೆ

ಸೂರ್ಯರಾಶಿಯನ್ನು ಬಿಟ್ಟು ಇಡೀ ಜಾತಕಕ್ಕೆ ಹೋದವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ: ಹುಡುಕಿದರೆ ಯಾರ ನಡುವೆಯೂ ಏನಾದರೂ ಸಿಗುತ್ತದೆ. ಲೆಕ್ಕ ಹಾಕಿ. ಅವಳ ಏಳು ಗ್ರಹ, ಅವನ ಏಳು, ಒಟ್ಟು 49 ಜೋಡಿ. ನೋಡಬೇಕಾದ ಐದು ಅಂತರಗಳು ಚಕ್ರದಲ್ಲಿ ಎಂಟು ಬಿಂದುಗಳಲ್ಲಿ ಬರುತ್ತವೆ, ಏಕೆಂದರೆ 60, 90, 120 ಎರಡೂ ಬದಿಗೆ ಇವೆ. ಪ್ರತಿ ಬಿಂದುವಿಗೆ ಎಂಟು ಡಿಗ್ರಿ ಆಚೀಚೆ ಬಿಟ್ಟರೆ ಚಕ್ರದ 128 ಡಿಗ್ರಿ ತುಂಬಿಹೋಗುತ್ತದೆ, ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆಗ ಬೀದಿಯಲ್ಲಿ ಹೋಗುವ ಯಾವ ಇಬ್ಬರ ನಡುವೆಯೂ ಸುಮಾರು ಹದಿನೇಳು ಸಂಬಂಧಗಳು ಕಾಕತಾಳೀಯವಾಗಿಯೇ ಸಿಗುತ್ತವೆ. ಮೂರು ಡಿಗ್ರಿಗೆ ಬಿಗಿಮಾಡಿದರೆ ಆರೇಳಕ್ಕೆ ಇಳಿಯುತ್ತದೆ. "ನಿಮ್ಮಿಬ್ಬರಿಗೆ ಹದಿನೈದು ಯೋಗಗಳು ಕೂಡಿವೆ" ಎಂದು ಯಾರಾದರೂ ಹಿಗ್ಗಿಸಿದರೆ, ಎಷ್ಟು ಡಿಗ್ರಿ ಬಿಟ್ಟಿದ್ದೀರಿ ಎಂದು ಕೇಳಿ.

ತಪ್ಪು ಹಿಡಿಯಲು ನಾನು ಮಾಡುವ ಉಪಾಯ ಒಂದಿದೆ. ಹುಡುಗನ ಜಾತಕದ ಜಾಗದಲ್ಲಿ ಅವಳಿಗೆ ಸಂಬಂಧವೇ ಇಲ್ಲದ, ಅದೇ ವಯಸ್ಸಿನ ಇನ್ನೊಬ್ಬನದನ್ನು ಇಟ್ಟು ಅದೇ ಹೆಜ್ಜೆಗಳನ್ನು ಮಾಡುವುದು. ನನ್ನ ಮೈದುನನ ಮಗನದನ್ನು ಇಟ್ಟು ನೋಡಿದೆವು. ಅಲ್ಲಿಯೂ ಓದಲು ಬರುವ ಒಂದು ಕಥೆ ಸಿಕ್ಕಿತು. ಅದರ ಮುಂದೆ ನಮ್ಮ ಜೋಡಿಯಲ್ಲಿ ಎದ್ದುಕಂಡದ್ದು ಒಂದೇ ಡಿಗ್ರಿಯ ಕುಜ–ಸೂರ್ಯ ಮತ್ತು ಚಂದ್ರರ ತ್ರಿಕೋನ. ಉಳಿದವನ್ನು ಹಾಳೆಯಲ್ಲಿ ಪೆನ್ಸಿಲಿನಲ್ಲೇ ಬಿಟ್ಟೆ.

ಇನ್ನೊಂದು ಚಟ, ಎಲ್ಲವನ್ನೂ ಕೂಡಿ ಕಳೆದು ಒಂದು ಶೇಕಡಾ ಮಾಡುವುದು. 94 ಡಿಗ್ರಿಯ ತಿಕ್ಕಾಟಕ್ಕೆ ಮೈನಸ್ ಹತ್ತು, ತ್ರಿಕೋನಕ್ಕೆ ಪ್ಲಸ್ ಹದಿನೈದು ಎಂದರೆ ಮತ್ತೆ ಮೊಬೈಲಿನ ಬಳಿಗೇ ಹೋದಂತೆ. ಸಾಲುಗಳನ್ನು ಸಾಲುಗಳಾಗಿಯೇ ಇಡಿ: ಬೆಳಗ್ಗೆ ಯಾರ ಮಾತು ನಡೆಯಬೇಕು ಎಂಬ ಜಗಳ ಒಂದು ಕಡೆ, ಅಡುಗೆಮನೆಯ ಒಗ್ಗಟ್ಟು ಇನ್ನೊಂದು ಕಡೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಇದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ

ಸೂರ್ಯರಾಶಿಯ ಹೊಂದಾಣಿಕೆಯನ್ನು ಜನಗಣತಿಯ ಮೇಲೆಯೇ ಪರೀಕ್ಷಿಸಿದವರಿದ್ದಾರೆ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇವಿಡ್ ವೋಸ್, ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಿಂದ ಸುಮಾರು ಒಂದು ಕೋಟಿ ದಂಪತಿಗಳ ಹುಟ್ಟಿದ ದಿನಗಳನ್ನು ನೋಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ರಾಶಿಯೂ ಇನ್ನೊಂದನ್ನು ಸೆಳೆಯುವ ಗುರುತು ಸಿಗಲಿಲ್ಲ. ಒಂದೇ ರಾಶಿಯ ದಂಪತಿಗಳು ಕೂದಲೆಳೆಯಷ್ಟು ಹೆಚ್ಚಿದ್ದರು, ಅದಕ್ಕೂ ಕಾರಣ ಸಿಕ್ಕಿತು: ಅರ್ಜಿ ತುಂಬುವವರು ಸಂಗಾತಿಯ ಹುಟ್ಟಿದ ದಿನದ ಜಾಗದಲ್ಲಿ ತಮ್ಮದನ್ನೇ ಬರೆದುಬಿಟ್ಟಿದ್ದರು. ನನಗೆ ಇದು ಮದುವೆಯ ಬಗ್ಗೆ ಓದಿದ ಸಂಗತಿಗಳಲ್ಲೆಲ್ಲ ಹೆಚ್ಚು ನಗು ತರಿಸಿದ್ದು.

ಇಡೀ ಜಾತಕ ನೋಡಿದರೆ ಗೆದ್ದಂತೆ ಎಂದೂ ಹೇಳಲಾರೆ. ಶಾನ್ ಕಾರ್ಲ್‌ಸನ್ 1985ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಪರೀಕ್ಷೆಯಲ್ಲಿ ಜ್ಯೋತಿಷಿಗಳಿಗೆ ಒಂದು ಜಾತಕ ಮತ್ತು ಮೂವರ ಸ್ವಭಾವದ ವಿವರ ಕೊಟ್ಟು, ಜಾತಕ ಯಾರದೆಂದು ಕೇಳಲಾಗಿತ್ತು. ಕಣ್ಣುಮುಚ್ಚಿ ಆರಿಸಿದರೂ ಮೂರಕ್ಕೆ ಒಂದು ಸರಿಯಾಗುತ್ತದೆ. ಅವರಿಗೂ ಸರಿಯಾದದ್ದು ಅಷ್ಟೇ. ತಂಗಿಯ ಮಗಳಿಗೆ ಇದನ್ನೂ ಹೇಳಿದೆ. ಈ ಹಾಳೆ ಅವಳ ಮದುವೆ ನಡೆಯುತ್ತದೆಯೇ ಎಂದು ಹೇಳಲಾರದು. ಬೀನ್ಸ್, ಕೆಲಸ, ಉಡುಗೊರೆ ಎಂದು ನಾವು ಎರಡು ಗಂಟೆ ಮಾತಾಡಿದೆವಲ್ಲ, ಅದರಲ್ಲಿ ಅವಳು ತಾನೇ ಹೇಳಿಕೊಂಡದ್ದಕ್ಕೆ ಅದು ನೆಪ. ನೀರು ಬೆಂಕಿ ಎಂಬ ಎರಡು ಪದ ಅಷ್ಟು ಮಾತಿಗೂ ಎಡೆ ಕೊಡುವುದಿಲ್ಲ ಎಂಬುದೇ ಅದರ ಮೇಲೆ ನನ್ನ ದೊಡ್ಡ ದೂರು.

ಸಂಜೆ ಹೊರಡುವ ಹೊತ್ತಿಗೆ ತುಮಕೂರಿನಿಂದ ಫೋನ್ ಬಂತು. ಹುಡುಗನ ತಾಯಿಗೆ ಹಳೆಯ ಟ್ರಂಕಿನಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತ್ತಂತೆ: ಸಂಜೆ 6.35. ಲೆಕ್ಕ ಹಾಕಿದೆ. ಲಗ್ನ ತುಲಾ 17, ಚಂದ್ರ ಕನ್ಯೆಯಲ್ಲೇ. ಪೆನ್ಸಿಲಿನ 'ತುಲಾ' ಎಂಬ ಪದವನ್ನು ಪೆನ್ನಿನಿಂದ ತಿದ್ದಿ, ಹಾಳೆ ಮಡಿಚಿ ಅವಳ ಕೈಗೆ ಕೊಟ್ಟೆ. ಮೊಬೈಲಿನಲ್ಲಿ 34 ಇನ್ನೂ 34 ಆಗಿಯೇ ಇತ್ತು.